ಕಾರ್ಡ್ ಬ್ಲಾಕ್ ಆದ ಮೇಲೆ ಹಣ ಹೋಗಿದ್ದು ಹೇಗೆ?

ನನ್ನ ಭಾವ ದಾದರ್‌ನಲ್ಲಿ ಕೆಲಸ ಮಾಡುತ್ತಾರೆ, ಮನೆ ಡೊಂಬಿವಲಿ. ಕಳೆದ ಮಳೆಗಾಲದ ಒಂದು ಸಂಜೆ ಕಲ್ಯಾಣ್ ಫಾಸ್ಟ್ ಲೋಕಲ್‌ನಲ್ಲಿ ಅವರ ಫೋನ್ ಹೋಯಿತು. ಫೋನಿನ ಕವರ್ ಇದೆಯಲ್ಲ, ಹಿಂದೆ ಒಂದು ಸೀಳು ಇರುವಂಥದ್ದು, ಅದರೊಳಗೆ ಡೆಬಿಟ್ ಕಾರ್ಡ್ ಮತ್ತು ರೈಲ್ವೆ ಪಾಸು. ಅಂದರೆ ಮೂರೂ ಒಟ್ಟಿಗೇ ಹೋದವು.

ರಾತ್ರಿ 8:04ಕ್ಕೆ ಕಾರ್ಡ್ ಬ್ಲಾಕ್ ಆಯಿತು. ಭಾವ ಠಾಣೆ ರೈಲ್ವೆ ಸ್ಟೇಶನ್ನಿನಲ್ಲಿ ಒಂದು ಕಟಿಂಗ್ ಚಹಾ ಕುಡಿದರು. 8:11ಕ್ಕೆ ಖಾತೆಯಿಂದ 5,000 ರೂಪಾಯಿ ಹೋಯಿತು.

ಇದು ಹೇಗಾಯಿತು ಎನ್ನುವುದೇ ಈ ಲೇಖನ. ಕಾರ್ಡ್ ಮಾತ್ರ ಕಳೆದರೆ ಏನು ಮಾಡಬೇಕು ಎಂದು ಎಲ್ಲರಿಗೂ ಹೆಚ್ಚುಕಡಿಮೆ ಗೊತ್ತು. ಫೋನ್ ಮಾತ್ರ ಹೋದರೂ, ಅದಕ್ಕೆ ಲಾಕ್ ಇದ್ದರೆ, ಸ್ವಲ್ಪ ಸಮಯ ಸಿಗುತ್ತದೆ. ಎರಡೂ ಒಟ್ಟಿಗೆ ಹೋದರೆ ಲೆಕ್ಕವೇ ಬೇರೆ. ಕವರಿನೊಳಗೆ ಕಾರ್ಡ್ ಇಟ್ಟುಕೊಂಡು ಲೋಕಲ್ ಹತ್ತುವವರು ನಮ್ಮಲ್ಲಿ ಎಷ್ಟು ಜನ ಇದ್ದಾರೆ ಎಂದು ಒಮ್ಮೆ ಸುತ್ತ ನೋಡಿದರೆ ಸಾಕು.

ಭಾವನ ಬ್ಯಾಂಕ್ ಯಾವುದು, ಸಿಮ್ ಯಾವ ಕಂಪನಿಯದು ಎಂದು ಹೇಳುವುದಿಲ್ಲ. ಬೇರೆ ಕಡೆಯೂ ಇದೇ ಆಗಬಹುದಿತ್ತು. ಇನ್ನೊಂದು ವಿಷಯ ಮೊದಲೇ ಒಪ್ಪಿಕೊಳ್ಳುತ್ತೇನೆ. ಆ ಸಂಜೆಯ ತಪ್ಪಿನಲ್ಲಿ ನನ್ನದೂ ಪಾಲಿದೆ. ನಾನು 22 ವರ್ಷ ಬ್ಯಾಂಕಿನ ಕೌಂಟರಿನಲ್ಲಿ ಕೂತವನು. ಅಕ್ಕ ಗಾಬರಿಯಲ್ಲಿ ಫೋನ್ ಮಾಡಿ, "ತಮ್ಮಾ, ಭಾವನ ಮೊಬೈಲ್ ಹೊಡೆದ್ರು ಕಣೋ, ಕಾರ್ಡೂ ಅದರಲ್ಲೇ ಇತ್ತು, ಏನು ಮಾಡೋದು?" ಎಂದಾಗ ನನ್ನ ಬಾಯಿಂದ ಬಂದ ಮೊದಲ ಮಾತು, "ಮೊದಲು ಕಾರ್ಡ್ ಬ್ಲಾಕ್ ಮಾಡಿಸಿ." ಹಳೆಯ ಅಭ್ಯಾಸ. ಅದು ಕಾರ್ಡೇ ಖಾತೆಯ ಬೀಗದ ಕೈ ಆಗಿದ್ದ ಕಾಲದ ಮಾತು.

ಆ ಸಂಜೆ ಯಾವಾಗ ಏನಾಯಿತು ಎಂಬುದನ್ನು ಆಮೇಲೆ ಸ್ಟೇಟ್‌ಮೆಂಟ್, ಇಮೇಲ್ ಮತ್ತು ಬ್ಯಾಂಕಿನ ಉತ್ತರ ಇಟ್ಟುಕೊಂಡು ಜೋಡಿಸಿದೆವು. ಭಾವ ಕೊನೆಯ ಬಾರಿ ಫೋನ್ ನೋಡಿದ್ದು 7:26ಕ್ಕೆ, ಕುರ್ಲಾ ಬರುವ ಮೊದಲು. ಕುರ್ಲಾದಲ್ಲಿ ಎಂದಿನಂತೆ ನೂಕುನುಗ್ಗಲು. ಘಾಟ್ಕೋಪರ್ ದಾಟಿದ ಮೇಲೆ, 7:36ರ ಹೊತ್ತಿಗೆ, ಜೇಬು ಖಾಲಿ ಎಂದು ಗೊತ್ತಾಯಿತು. ಆ ಗಾಡಿ ಮುಂದೆ ನಿಲ್ಲುವುದು ಠಾಣೆಯಲ್ಲೇ. ಇಳಿಯುವ ಹಾಗಿಲ್ಲ. ದಿನಾ ಜೊತೆಗೆ ಬರುವ ಗೆಳೆಯರೊಬ್ಬರ ಫೋನ್ ತೆಗೆದುಕೊಂಡು ತಮ್ಮ ನಂಬರಿಗೆ ಹಚ್ಚಿದರು. ಒಮ್ಮೆ ರಿಂಗ್ ಆಯಿತು. ಇನ್ನೊಮ್ಮೆಯೂ ಆಯಿತು. 7:41ಕ್ಕೆ ಮೂರನೇ ಸಲ ಮಾಡಿದಾಗ ಸ್ವಿಚ್ ಆಫ್.

ಸ್ವಿಚ್ ಆಫ್ ಎಂದು ಕೇಳಿದ ತಕ್ಷಣ ನಾವು ಅಂದುಕೊಳ್ಳುವುದು, ಕಳ್ಳ ಫೋನ್ ಆಫ್ ಮಾಡಿ ಮಾರಲು ಹೊರಟ ಎಂದು. ಅದು ಒಂದು ಸಾಧ್ಯತೆ. ಇನ್ನೊಂದು, ಸಿಮ್ ಈಗ ಹೊರಗೆ ಬಂದಿದೆ, ಸ್ವಲ್ಪ ಹೊತ್ತಿನಲ್ಲಿ ಬೇರೆ ಫೋನಿನೊಳಗೆ ಹೋಗಲಿದೆ. ಭಾವನ ವಿಷಯದಲ್ಲಿ ಆಗಿದ್ದು ಎರಡನೆಯದು.

ಅಷ್ಟರೊಳಗೆ 7:38ಕ್ಕೆ ಕುರ್ಲಾದ ಒಂದು ಅಂಗಡಿಯಲ್ಲಿ ಕಾರ್ಡ್ ಟ್ಯಾಪ್ ಆಗಿ 2,340 ರೂಪಾಯಿ ಹೋಗಿತ್ತು. ಅದಕ್ಕೆ ಪಿನ್ ಬೇಕಿಲ್ಲ. ವೈಫೈ ತರಹದ ಗೆರೆಗಳಿರುವ ಕಾರ್ಡನ್ನು ಮೆಶಿನ್ ಮೇಲೆ ಇಟ್ಟರೆ ಒಂದು ಸಲಕ್ಕೆ 5,000 ರೂಪಾಯಿವರೆಗೆ ಪಿನ್ ಇಲ್ಲದೇ ಹೋಗುತ್ತದೆ. 2021ರ ಜನವರಿಗೆ ಮೊದಲು ಈ ಮಿತಿ 2,000 ಇತ್ತು. ಅಂಗಡಿಯವನಿಗೆ ಅದು ಯಾರ ಕಾರ್ಡ್ ಎಂದು ನೋಡುವ ಅಭ್ಯಾಸವಿಲ್ಲ.

ಈಗ ಮುಖ್ಯ ಭಾಗ. ಕಳ್ಳನ ಹತ್ತಿರ ಭಾವನ ಫೋನಿನ ಲಾಕ್ ತೆಗೆಯುವ ಉಪಾಯ ಇರಲಿಲ್ಲ. ಅದು ಬೇಕಾಗಲೂ ಇಲ್ಲ. ಅವನು ಸಿಮ್ ತೆಗೆದು ತನ್ನ ಬಳಿ ಇದ್ದ ಇನ್ನೊಂದು ಫೋನಿಗೆ ಹಾಕಿದ. ಅದರಲ್ಲಿ ಒಂದು ಯುಪಿಐ ಆಪ್ ತೆರೆದ. ಯುಪಿಐ ಆಪ್ ನಿಮ್ಮನ್ನು ಗುರುತಿಸುವುದು ಮುಖ ನೋಡಿ ಅಲ್ಲ. ಫೋನಿನೊಳಗಿನ ಸಿಮ್‌ನಿಂದ ತಾನೇ ಒಂದು ಎಸ್ಸೆಮ್ಮೆಸ್ ಕಳಿಸುತ್ತದೆ. ಆ ಎಸ್ಸೆಮ್ಮೆಸ್ ಯಾವ ನಂಬರಿನಿಂದ ಬಂತೋ ಆ ನಂಬರಿಗೆ ಸೇರಿದ ಬ್ಯಾಂಕ್ ಖಾತೆಯನ್ನು ತೋರಿಸುತ್ತದೆ. ಖಾತೆ ಕಾಣಿಸಿತು. ಆದರೆ ಹಣ ಕಳಿಸಲು ಯುಪಿಐ ಪಿನ್ ಬೇಕು, ಅದು ಅವನಿಗೆ ಗೊತ್ತಿಲ್ಲ. ಅಲ್ಲೇ "ಪಿನ್ ಮರೆತಿದ್ದೀರಾ" ಎಂಬ ಒಂದು ದಾರಿ ಇದೆ. ಅದನ್ನು ಒತ್ತಿದರೆ ಕೇಳುವುದು ಡೆಬಿಟ್ ಕಾರ್ಡಿನ ಕೊನೆಯ 6 ಅಂಕಿ, ಕಾರ್ಡ್ ಮುಗಿಯುವ ತಿಂಗಳು ಮತ್ತು ವರ್ಷ, ಆಮೇಲೆ ಒಂದು ಒಟಿಪಿ. ಅಂಕಿಗಳೂ ತಿಂಗಳೂ ಕಾರ್ಡಿನ ಮೇಲೆ ಅಚ್ಚಾಗಿವೆ. ಒಟಿಪಿ ಬರುವುದು ಅದೇ ಸಿಮ್‌ಗೆ. ಕೆಲವು ಬ್ಯಾಂಕುಗಳು ಇದರ ಜೊತೆ ಎಟಿಎಂ ಪಿನ್ ಕೂಡ ಕೇಳುತ್ತವೆ. ಆಗ ಕಳ್ಳ ಅಲ್ಲೇ ನಿಲ್ಲುತ್ತಾನೆ. ಭಾವನ ಬ್ಯಾಂಕ್ ಕೇಳಲಿಲ್ಲ.

ಹೊಸ ಯುಪಿಐ ಪಿನ್ ಆಗಿದ್ದು 7:58ಕ್ಕೆ. ಕಾರ್ಡ್ ಬ್ಲಾಕ್ ಆಗಿದ್ದು 8:04ಕ್ಕೆ. ಹಣ ಹೋಗಿದ್ದು 8:11ಕ್ಕೆ.

ಈ ಮೂರು ಸಮಯಗಳನ್ನು ಒಟ್ಟಿಗೆ ನೋಡಿದಾಗ ನನಗೆ ನಾಚಿಕೆಯಾಯಿತು. ಕಾರ್ಡ್ ಬ್ಲಾಕ್ ಮಾಡಿದರೆ ಕಾರ್ಡ್ ಮಾತ್ರ ಸಾಯುತ್ತದೆ. ಅದರಿಂದ ಒಮ್ಮೆ ಹುಟ್ಟಿಕೊಂಡ ಯುಪಿಐ ಪಿನ್ ಸಾಯುವುದಿಲ್ಲ. ಯುಪಿಐ ನೇರವಾಗಿ ಖಾತೆಗೆ ಕೈ ಹಾಕುತ್ತದೆ, ಕಾರ್ಡನ್ನು ಕೇಳುವುದೇ ಇಲ್ಲ. ಕಾರ್ಡ್ ಬೇಕಾಗಿದ್ದು ಪಿನ್ ಮಾಡುವ ಒಂದು ನಿಮಿಷಕ್ಕೆ ಮಾತ್ರ. 8:14ಕ್ಕೆ ಅವನು ಇನ್ನೂ 20,000 ಎಳೆಯಲು ನೋಡಿದ್ದಾನೆ. ಹೊಸ ಫೋನಿನಲ್ಲಿ ಯುಪಿಐ ಶುರುವಾದ ಮೊದಲ ದಿನಕ್ಕೆ ಭಾವನ ಬ್ಯಾಂಕ್ 5,000ದ ಮಿತಿ ಇಟ್ಟಿತ್ತು, ಅದಕ್ಕೇ ಆಗಲಿಲ್ಲ. ಉಳಿದ ಹಣ ಉಳಿದಿದ್ದು ಆ ಮಿತಿಯಿಂದ. ನಮ್ಮ ಚುರುಕಿನಿಂದ ಅಲ್ಲ.

ಹಾಗಾದರೆ ಯಾವುದು ಮೊದಲು? ಈಗ ನನ್ನ ಅಭಿಪ್ರಾಯ ಇದು: ಫೋನೂ ಕಾರ್ಡೂ ಒಟ್ಟಿಗೆ ಹೋದರೆ ಮೊದಲು ಸಿಮ್ ಬಂದ್ ಮಾಡಿಸಿ. ಆಮೇಲೆ ಬ್ಯಾಂಕ್.

ಕಾರಣ ಹೇಳುತ್ತೇನೆ. ಬ್ಯಾಂಕಿಗೆ ಮಾಡುವ ಒಂದು ಕರೆ ಒಂದೇ ಬ್ಯಾಂಕಿನ ಬಾಗಿಲು ಮುಚ್ಚುತ್ತದೆ. ನಿಮಗೆ ಸಂಬಳದ ಖಾತೆ ಮುಂಬೈಯಲ್ಲಿ, ಊರಿನ ಖಾತೆ ಉಡುಪಿಯಲ್ಲೋ ಧಾರವಾಡದಲ್ಲೋ ಇದ್ದರೆ ಎರಡು ಕರೆ ಬೇಕು. ಪ್ರತಿ ಕರೆಯಲ್ಲೂ "ಇಂಗ್ಲಿಷಿಗಾಗಿ ಒಂದು ಒತ್ತಿ", ಆಮೇಲೆ ಸಂಗೀತ. ಸಿಮ್ ಬಂದ್ ಆದರೆ ಎಲ್ಲಾ ಬ್ಯಾಂಕುಗಳ ಒಟಿಪಿ ಒಂದೇ ಏಟಿಗೆ ನಿಲ್ಲುತ್ತದೆ. ಕಾರ್ಡಿನ ಬೆನ್ನ ಮೇಲಿನ ಮೂರಂಕಿ ನೋಡಿ ಆನ್‌ಲೈನ್‌ನಲ್ಲಿ ಖರೀದಿ ಮಾಡಲು ಹೋದರೆ ಒಟಿಪಿ ಬರುವುದಿಲ್ಲ. ನೆಟ್ ಬ್ಯಾಂಕಿಂಗ್ ಪಾಸ್‌ವರ್ಡ್ ಬದಲಿಸಲೂ ಆಗುವುದಿಲ್ಲ. ಹೊಸ ಫೋನಿನಲ್ಲಿ ಯುಪಿಐ ತೆರೆಯಲಿಕ್ಕೂ ಆಗುವುದಿಲ್ಲ. ನಿಮ್ಮ ವಾಟ್ಸಾಪ್ ತೆರೆದು "ಅರ್ಜೆಂಟಾಗಿ ಸ್ವಲ್ಪ ಹಣ ಬೇಕಿತ್ತು" ಎಂದು ಅತ್ತೆಮನೆಯವರಿಗೆ ಕಳಿಸುವುದೂ ಕಷ್ಟವಾಗುತ್ತದೆ.

ಇದರಲ್ಲಿ ಒಂದು ತೂತು ಇದೆ. ಸಿಮ್ ಬಂದ್ ಮಾಡಿದರೆ ಕಾರ್ಡಿನ ಟ್ಯಾಪ್ ನಿಲ್ಲುವುದಿಲ್ಲ. ಆ ಹತ್ತು ನಿಮಿಷದಲ್ಲಿ ಇನ್ನೊಂದು ಟ್ಯಾಪ್ ಆಗಬಹುದು. ಆದರೆ ಒಂದು ಟ್ಯಾಪಿನ ನಷ್ಟಕ್ಕೆ ಮಿತಿ ಇದೆ, ಒಟಿಪಿ ಕೈಗೆ ಸಿಕ್ಕರೆ ಆಗುವ ನಷ್ಟಕ್ಕೆ ಅಷ್ಟು ಸಣ್ಣ ಮಿತಿ ಇಲ್ಲ. ಎರಡು ಫೋನ್ ಸಿಕ್ಕರೆ ಈ ಚರ್ಚೆಯೇ ಬೇಡ. ಒಬ್ಬರು ಸಿಮ್ ಕಂಪನಿಗೆ, ಇನ್ನೊಬ್ಬರು ಬ್ಯಾಂಕಿಗೆ. ಅಕ್ಕ ಡೊಂಬಿವಲಿಯಲ್ಲಿ ಫೋನ್ ಹಿಡಿದು ಅಳುತ್ತಿದ್ದಳು. ಅವಳಿಗೆ ಸಿಮ್‌ನ ಕೆಲಸ ಕೊಟ್ಟಿದ್ದರೆ 7:50ಕ್ಕೇ ಮುಗಿಯುತ್ತಿತ್ತು. ಅಂದರೆ ಪಿನ್ ಆಗುವ ಎಂಟು ನಿಮಿಷ ಮೊದಲು.

ಸಿಮ್ ಬಂದ್ ಮಾಡಿಸುವುದು ಹೇಗೆ? ಅದೇ ಕಂಪನಿಯ ಸಿಮ್ ಇರುವ ಫೋನ್ ಹುಡುಕಿ. ಲೋಕಲ್ ಡಬ್ಬಿಯಲ್ಲಿ ಅದು ಕಷ್ಟವಲ್ಲ, ಜೋರಾಗಿ ಕೇಳಿದರೆ ನಾಲ್ಕು ಜನ ಕೈ ಎತ್ತುತ್ತಾರೆ. ಆ ಫೋನಿನಿಂದ 198ಕ್ಕೆ ಹಚ್ಚಿ. ಎಲ್ಲಾ ಕಂಪನಿಗಳಲ್ಲೂ ದೂರಿನ ನಂಬರ್ ಇದೇ, ದುಡ್ಡು ಬೀಳುವುದಿಲ್ಲ. ಮೆಶಿನ್ ಮಾತಾಡುತ್ತಾ ಹೋಗುತ್ತದೆ, ಮನುಷ್ಯರು ಸಿಗುವವರೆಗೆ ಬಿಡಬೇಡಿ. "ಈ ನಂಬರಲ್ಲ, ಇನ್ನೊಂದು ನಂಬರ್ ಕಳವಾಗಿದೆ, ಸಿಮ್ ನಿಲ್ಲಿಸಿ" ಎನ್ನಿ. ಹೆಸರು, ಹುಟ್ಟಿದ ದಿನ, ವಿಳಾಸ, ಕೆಲವೊಮ್ಮೆ ಕೊನೆಯ ರೀಚಾರ್ಜ್ ಎಷ್ಟರದು ಎಂದು ಕೇಳುತ್ತಾರೆ. ಸಿಮ್ ಯಾರ ಹೆಸರಲ್ಲಿದೆ ಎಂಬುದು ಇಲ್ಲಿ ಕೈಕೊಡುತ್ತದೆ. ಎಷ್ಟೋ ಮನೆಗಳಲ್ಲಿ ಹೆಂಡತಿಯ ಸಿಮ್ ಗಂಡನ ಹೆಸರಲ್ಲಿ, ಮಗನ ಸಿಮ್ ಅಪ್ಪನ ಹೆಸರಲ್ಲಿ. ಯಾರ ಹೆಸರಲ್ಲಿದೆಯೋ ಅವರ ವಿವರ ಹೇಳಬೇಕು, ನಿಮ್ಮದಲ್ಲ. ಕರೆ ಮುಗಿಯುವ ಮೊದಲು ದೂರಿನ ನಂಬರ್ ಕೇಳಿ ಬರೆದುಕೊಳ್ಳಿ. ಐದು ನಿಮಿಷ ಬಿಟ್ಟು ನಿಮ್ಮ ನಂಬರಿಗೆ ಒಮ್ಮೆ ಕರೆ ಮಾಡಿ. ಇನ್ನೂ ರಿಂಗ್ ಆಗುತ್ತಿದ್ದರೆ ಸಿಮ್ ನಿಂತಿಲ್ಲ.

ಇಲ್ಲೊಂದು ತಕರಾರು ಬರುತ್ತದೆ. ನನ್ನ ಮಗಳೇ ಎತ್ತಿದಳು. "ಅಪ್ಪಾ, ಸಿಮ್ ಬಂದ್ ಮಾಡಿದರೆ ಫೋನಿಗೆ ಇಂಟರ್ನೆಟ್ ಹೋಗುತ್ತದೆ. ಆಮೇಲೆ ದೂರದಿಂದ ಫೋನ್ ಲಾಕ್ ಮಾಡುವುದು ಹೇಗೆ?" ಸರಿಯಾದ ಪ್ರಶ್ನೆ. ದೂರದಿಂದ ಲಾಕ್ ಮಾಡುವ ಆಜ್ಞೆ ಫೋನಿಗೆ ತಲುಪಬೇಕಾದರೆ ಫೋನ್ ಆನ್ ಇರಬೇಕು, ಇಂಟರ್ನೆಟ್ ಇರಬೇಕು. ಇದಕ್ಕೆ ಉತ್ತರ ಫೋನ್ ಹೇಗೆ ಹೋಯಿತು ಎಂಬುದರ ಮೇಲೆ ನಿಂತಿದೆ.

ಜೇಬಿನಿಂದ ಹೋಗಿದ್ದರೆ ಫೋನ್ ಲಾಕ್ ಆಗಿಯೇ ಇರುತ್ತದೆ. ಆಗ ದೂರದ ಲಾಕ್‌ಗಿಂತ ಸಿಮ್ ದೊಡ್ಡದು. ಮುಂಬೈಯಲ್ಲಿ ಇನ್ನೊಂದು ಬಗೆ ಇದೆ, ನಿಮಗೆ ಗೊತ್ತೇ ಇದೆ, ಫಟ್ಕಾ ಗ್ಯಾಂಗ್. ಹಳಿಯ ಪಕ್ಕದ ಕಂಬದ ಹತ್ತಿರ ನಿಂತು, ಬಾಗಿಲಲ್ಲಿ ನಿಂತವರ ಕೈಗೆ ಕೋಲಿನಿಂದ ಹೊಡೆದು, ಬಿದ್ದ ಫೋನ್ ಎತ್ತಿಕೊಂಡು ಹೋಗುತ್ತಾರೆ. ಆಗ ಫೋನ್ ಸಿಗುವುದು ತೆರೆದ ಸ್ಥಿತಿಯಲ್ಲಿ. ಇಮೇಲ್, ಮೆಸೇಜ್, ಗ್ಯಾಲರಿಯಲ್ಲಿರುವ ಆಧಾರ್ ಫೋಟೋ ಎಲ್ಲ ತೆರೆದ ಪುಸ್ತಕ. ಅಂಥಾ ಸಮಯದಲ್ಲಿ ಮೊದಲ ಎರಡು ನಿಮಿಷ ಲಾಕ್‌ಗೆ ಕೊಡಿ. ಐಫೋನ್ ಆದರೆ ಯಾರದಾದರೂ ಫೋನಿನಲ್ಲಿ icloud.com/find ತೆರೆದು ಪಾಸ್‌ವರ್ಡ್ ಹಾಕಿದರೆ ಆಯಿತು, ಆ ಪುಟಕ್ಕೆ ಎರಡನೇ ಕೋಡ್ ಬೇಕಾಗುವುದಿಲ್ಲ. ಆಂಡ್ರಾಯ್ಡ್‌ನಲ್ಲಿ android.com/lock ಎಂಬ ಪುಟ ಇದೆ, ನಂಬರ್ ಹಾಕಿದರೆ ಪರದೆ ಲಾಕ್ ಆಗುತ್ತದೆ. ಆದರೆ ಅದನ್ನು ಫೋನಿನ ಸೆಟ್ಟಿಂಗ್‌ನಲ್ಲಿ ಮೊದಲೇ ಆನ್ ಮಾಡಿಟ್ಟಿರಬೇಕು. ಗೂಗಲ್ ಖಾತೆಗೆ ಲಾಗಿನ್ ಆಗಿ ಮಾಡಲು ಹೋದರೆ ಇನ್ನೊಂದು ತಮಾಷೆ: "ನಿಮ್ಮ ಫೋನಿಗೆ ಕೋಡ್ ಕಳಿಸಿದ್ದೇವೆ" ಎನ್ನಬಹುದು. ಯಾವ ಫೋನಿಗೆ? ಕಳೆದುಹೋದ ಫೋನಿಗೆ. ಎರಡು ನಿಮಿಷದಲ್ಲಿ ಆಗದಿದ್ದರೆ ಬಿಟ್ಟು ಸಿಮ್‌ಗೆ ಹೋಗಿ. ಒಳಗಿರುವುದನ್ನೆಲ್ಲ ಅಳಿಸುವ ಆಯ್ಕೆಯನ್ನು ಆ ಗಳಿಗೆಯಲ್ಲಿ ಮುಟ್ಟಬೇಡಿ. ಅಳಿಸಿದ ಮೇಲೆ ಫೋನ್ ಎಲ್ಲಿದೆ ಎಂದು ನೋಡಲು ಆಗದೇ ಹೋಗಬಹುದು.

ಈಗ ಬ್ಯಾಂಕಿನ ಕರೆ. ಮೊದಲ ಎಡವಟ್ಟು ನಂಬರಿನದು. ಬ್ಯಾಂಕಿನ ನಂಬರ್ ಅಚ್ಚಾಗಿರುವುದು ಕಾರ್ಡಿನ ಹಿಂದೆ, ಕಾರ್ಡ್ ಈಗ ಕಳ್ಳನ ಹತ್ತಿರ. ಅಕ್ಕ ಗೂಗಲ್‌ನಲ್ಲಿ ಬ್ಯಾಂಕಿನ ಹೆಸರು ಹಾಕಿ ಕಸ್ಟಮರ್ ಕೇರ್ ಎಂದು ಹುಡುಕಿದಳು. ಮೊದಲು ಸಿಕ್ಕಿದ್ದು ಹತ್ತಂಕಿಯ ಒಂದು ಮೊಬೈಲ್ ನಂಬರ್. ಎತ್ತಿದವನು ಭಾಳ ನಯವಾಗಿ, "ಮ್ಯಾಡಮ್, ಒಂದು ಆಪ್ ಕಳಿಸುತ್ತೇನೆ, ಇನ್‌ಸ್ಟಾಲ್ ಮಾಡಿ, ನಾನೇ ಬ್ಲಾಕ್ ಮಾಡಿಕೊಡ್ತೀನಿ" ಎಂದ. ಅಕ್ಕನಿಗೆ ಆ ನಯವೇ ಅನುಮಾನ ತಂದಿತು. "ಬ್ಯಾಂಕಿನವರು ಇಷ್ಟು ಬೇಗ ಎತ್ತಲ್ಲ, ಅಲ್ವಾ?" ಎಂದು ನನ್ನನ್ನು ಕೇಳಿದಳು. ಎಷ್ಟು ಸತ್ಯವಾದ ಮಾತು! ಆ ಆಪ್ ಹಾಕಿದ್ದರೆ ಅವಳ ಫೋನಿನ ಪರದೆ ಅವನಿಗೆ ಕಾಣುತ್ತಿತ್ತು, ಅವಳ ಖಾತೆಯೂ ಖಾಲಿಯಾಗುತ್ತಿತ್ತು. ಬ್ಯಾಂಕಿನ ನಂಬರ್ ಸಾಮಾನ್ಯವಾಗಿ 1800ರಿಂದ ಶುರುವಾಗುತ್ತದೆ. ಸ್ಟೇಟ್ ಬ್ಯಾಂಕಿನದು 1800 1234, ಕೆನರಾ ಬ್ಯಾಂಕಿನದು 1800 1030. ನಿಮ್ಮ ಬ್ಯಾಂಕಿನದನ್ನು ಪಾಸ್‌ಬುಕ್ಕಿನಿಂದ ಅಥವಾ ಬ್ಯಾಂಕಿನ ಸ್ವಂತ ವೆಬ್‌ಸೈಟಿನಿಂದ ತೆಗೆದುಕೊಳ್ಳಿ, ಹುಡುಕಾಟದಲ್ಲಿ ಮೇಲೆ ಬಂದ ಜಾಹೀರಾತಿನಿಂದ ಬೇಡ.

ಕಾರ್ಡ್ ಬ್ಲಾಕ್ ಮಾಡಲು ಎಸ್ಸೆಮ್ಮೆಸ್ ಕಳಿಸಿ ಎಂದು ಬ್ಯಾಂಕುಗಳು ಬೋರ್ಡ್ ಹಾಕಿರುತ್ತವೆ. ಅದು ಬ್ಯಾಂಕಿಗೆ ಕೊಟ್ಟ ನಂಬರಿನಿಂದಲೇ ಹೋಗಬೇಕು. ಆ ನಂಬರೇ ಹೋಗಿದೆ. ಮಿಸ್ಡ್ ಕಾಲ್ ಕೊಟ್ಟು ಬ್ಯಾಲೆನ್ಸ್ ತಿಳಿಯುವುದೂ ಹಾಗೇ. ಆದ್ದರಿಂದ ಬೇರೆ ಫೋನಿನಿಂದ ಕರೆ ಮಾಡುವುದೊಂದೇ ದಾರಿ. ಅದಕ್ಕೆ ಖಾತೆ ನಂಬರ್ ಅಥವಾ ಗ್ರಾಹಕ ಸಂಖ್ಯೆ ಬೇಕು. ಭಾವನಿಗೆ ಎರಡೂ ನೆನಪಿರಲಿಲ್ಲ, ಅಕ್ಕ ಕಪಾಟಿನಿಂದ ಪಾಸ್‌ಬುಕ್ ತೆಗೆದು ಫೋನಿನಲ್ಲಿ ಓದಿ ಹೇಳಿದಳು. ಅದಕ್ಕೇ ಏಳೆಂಟು ನಿಮಿಷ ಹೋಯಿತು.

ಆಮೇಲೆ ಏನು ಹೇಳಬೇಕು ಎಂಬುದು. ಭಾವ ಹೇಳಿದ್ದು, "ನನ್ನ ಮೊಬೈಲ್ ಹೋಗಿದೆ, ಅದರಲ್ಲಿ ಕಾರ್ಡೂ ಇತ್ತು, ಕಾರ್ಡ್ ಬ್ಲಾಕ್ ಮಾಡಿ." ಆ ಕಡೆಯ ಹುಡುಗಿ ಕಾರ್ಡ್ ಬ್ಲಾಕ್ ಮಾಡಿದಳು, ದೂರಿನ ನಂಬರ್ ಕೊಟ್ಟಳು, "ಬೇರೇನಾದರೂ ಸಹಾಯ ಬೇಕೇ ಸರ್?" ಎಂದಳು. ಭಾವ ಬೇಡ ಎಂದರು. ಇದು ಅವಳ ತಪ್ಪೂ ಹೌದು, ನಮ್ಮ ತಪ್ಪೂ ಹೌದು. ಕಾರ್ಡ್, ಯುಪಿಐ, ಮೊಬೈಲ್ ಬ್ಯಾಂಕಿಂಗ್, ನೆಟ್ ಬ್ಯಾಂಕಿಂಗ್ ಬ್ಯಾಂಕಿನೊಳಗೆ ಬೇರೆ ಬೇರೆ ಬೀಗಗಳು. ಒಂದನ್ನು ಹಾಕಿದರೆ ಇನ್ನೊಂದು ತಾನಾಗಿ ಬೀಳುವುದಿಲ್ಲ. ಹಾಗಾಗಿ ಬಾಯಿಬಿಟ್ಟು ಹೇಳಬೇಕು: "ಫೋನ್ ಸಿಮ್ ಸಮೇತ ಕಳವಾಗಿದೆ. ಕಾರ್ಡ್ ಬ್ಲಾಕ್ ಮಾಡಿ. ಯುಪಿಐ ನಿಲ್ಲಿಸಿ. ಮೊಬೈಲ್ ಬ್ಯಾಂಕಿಂಗ್, ನೆಟ್ ಬ್ಯಾಂಕಿಂಗ್ ನಿಲ್ಲಿಸಿ. ಕೊನೆಯ ಐದು ವ್ಯವಹಾರ ಓದಿ ಹೇಳಿ." ಯುಪಿಐ ನಿಲ್ಲಿಸಲು ತಮ್ಮಿಂದ ಆಗುವುದಿಲ್ಲ ಎಂದರೆ, ಖಾತೆಯಿಂದ ಹಣ ಹೊರಗೆ ಹೋಗದಂತೆ ತಾತ್ಕಾಲಿಕವಾಗಿ ತಡೆಯಲು ಕೇಳಿ. ಅದನ್ನು ಡೆಬಿಟ್ ಫ್ರೀಜ್ ಎನ್ನುತ್ತಾರೆ. ಮನೆಸಾಲದ ಕಂತೋ ಬಿಲ್ಲೋ ಮರುದಿನ ಕಟ್ಟಾಗಬೇಕಿದ್ದರೆ ಅದು ವಾಪಸ್ ಹೋಗುತ್ತದೆ, ಅಷ್ಟು ನೆನಪಿರಲಿ. ಶಾಖೆಗೆ ಹೋಗಿ ಸಹಿ ಹಾಕಿದರೆ ಫ್ರೀಜ್ ತೆಗೆಯುತ್ತಾರೆ.

ಕೊನೆಯ ವ್ಯವಹಾರಗಳನ್ನು ಓದಿಸಿಕೊಳ್ಳುವುದು ಯಾಕೆ ಮುಖ್ಯ ಎಂದರೆ, ನಿಮ್ಮ ಎಸ್ಸೆಮ್ಮೆಸ್ ಈಗ ನಿಮಗೆ ಬರುತ್ತಿಲ್ಲ. ಹಣ ಹೋದ ಸುದ್ದಿ ಕಳ್ಳನಿಗೆ ಹೋಗುತ್ತಿದೆ. ಭಾವನಿಗೆ 2,340ರ ಟ್ಯಾಪ್ ಗೊತ್ತಾಗಿದ್ದು, 5,000 ಹೋಗಿದ್ದು ಗೊತ್ತಾಗಿದ್ದು, ಎರಡೂ ಇಮೇಲ್‌ನಿಂದ. ಅಕ್ಕನ ಫೋನಿನಲ್ಲಿ ಅವರ ಇಮೇಲ್ ತೆರೆದಿತ್ತು, ಅದೃಷ್ಟ.

8:15ಕ್ಕೆ ಅಕ್ಕ ಮತ್ತೆ ಫೋನ್ ಮಾಡಿ "5,000 ಹೋಯ್ತು" ಎಂದಾಗ ನನಗೆ ತಲೆ ಕೆಲಸ ಮಾಡಿತು. ಅವಳ ಸಿಮ್ಮೂ ಅದೇ ಕಂಪನಿಯದು. 198ಕ್ಕೆ ಮಾಡಿ ಎಂದೆ. ಸಿಮ್ ಬಂದ್ ಆಗಿದ್ದು 8:26ಕ್ಕೆ. ಅದೇ ಹೊತ್ತಿಗೆ ಭಾವ ಬ್ಯಾಂಕಿಗೆ ಎರಡನೇ ಸಲ ಕರೆ ಮಾಡಿ ಯುಪಿಐ ನಿಲ್ಲಿಸಿದರು.

ಹಣ ಹೋಗಿದ್ದು ಖಚಿತವಾದ ಮೇಲೆ 1930. ಇದು ಸೈಬರ್ ವಂಚನೆಯ ಸರ್ಕಾರಿ ನಂಬರ್, ದೇಶಕ್ಕೆಲ್ಲ ಒಂದೇ. ಹಣ ಹೋಗಿಲ್ಲ, ಫೋನ್ ಮಾತ್ರ ಹೋಗಿದೆ ಎಂದರೆ ಇದಕ್ಕೆ ಕರೆ ಮಾಡಿ ಸಮಯ ಕಳೆಯಬೇಡಿ, ಇದರ ಕೆಲಸ ಹಣದ ಬೆನ್ನು ಹತ್ತುವುದು. ನೀವು ಹೇಳಿದ ವ್ಯವಹಾರವನ್ನು ಅವರು ಕಂಪ್ಯೂಟರಿಗೆ ಹಾಕಿದರೆ, ಹಣ ಹೋಗಿ ಸೇರಿದ ಬ್ಯಾಂಕಿಗೆ ಸುದ್ದಿ ಹೋಗುತ್ತದೆ. ಹಣ ಅಲ್ಲೇ ಇದ್ದರೆ ತಡೆಹಿಡಿಯುತ್ತಾರೆ. ಅಲ್ಲಿಂದ ಮುಂದೆ ಹೋಗಿದ್ದರೆ ಮುಂದಿನ ಬ್ಯಾಂಕಿಗೆ. ಎಟಿಎಂನಿಂದ ನಗದಾಗಿ ತೆಗೆದಿದ್ದರೆ ಹಿಡಿಯಲು ಏನೂ ಉಳಿದಿರುವುದಿಲ್ಲ. ಅದಕ್ಕೇ ಮೊದಲ ಗಂಟೆಗೆ ಅಷ್ಟು ಬೆಲೆ. ಅವರಿಗೆ ಬೇಕಾಗಿರುವುದು ಬ್ಯಾಂಕಿನ ಹೆಸರು, ಖಾತೆ ನಂಬರ್, ಮೊತ್ತ, ಸಮಯ, ಯುಪಿಐ ಆದರೆ ವ್ಯವಹಾರದ 12 ಅಂಕಿಯ ಸಂಖ್ಯೆ. ಆ ಸಂಖ್ಯೆ ಇಮೇಲ್‌ನಲ್ಲಿ ಸಿಗಬಹುದು, ಇಲ್ಲದಿದ್ದರೆ ಬ್ಯಾಂಕಿನವರನ್ನೇ ಕೇಳಿ. ಲೈನ್ ಸಿಗದಿದ್ದರೆ cybercrime.gov.in ನಲ್ಲಿ ಬರೆಯಬಹುದು. ಭಾವನ 5,000 ಒಂದು ಖಾತೆಗೆ ಹೋಗಿ ಅಲ್ಲಿಂದ ಆಗಲೇ ಹಾರಿತ್ತು. ತಡೆಯಲು ಆಗಲಿಲ್ಲ. ಆದರೆ ಆ ದೂರಿನ ಸಂಖ್ಯೆ ಮುಂದೆ ಉಪಯೋಗಕ್ಕೆ ಬಂತು.

ಪೊಲೀಸ್ ದೂರು ಮೊದಲ ಗಂಟೆಯ ಕೆಲಸ ಎಂದು ನಾನು ಒಪ್ಪುವುದಿಲ್ಲ. ಸ್ಟೇಶನ್ನಿನಲ್ಲಿ ಸಾಲು ನಿಂತರೆ ಅರ್ಧ ಗಂಟೆ ಅಲ್ಲೇ ಹೋಗುತ್ತದೆ, ಅಷ್ಟರಲ್ಲಿ ಖಾತೆ ಹೋಗುತ್ತದೆ. ಬೀಗಗಳನ್ನೆಲ್ಲ ಹಾಕಿದ ಮೇಲೆ ರೈಲ್ವೆ ಪೊಲೀಸರ ಹತ್ತಿರ ಹೋಗಿ, ಅವರ ಸಹಾಯವಾಣಿ 1512. ಕುರ್ಲಾದಲ್ಲಿ ಹೋಗಿದ್ದು ಕುರ್ಲಾಕ್ಕೇ ಹೋಗಿ ಎಂದು ಅಲ್ಲಿಯ ಪೊಲೀಸರು ಹೇಳಿದರೆ, ಯಾವ ಪೊಲೀಸ್ ಠಾಣೆಯಲ್ಲಾದರೂ ದೂರು ತೆಗೆದುಕೊಳ್ಳಬೇಕು ಎಂದು 2024ರ ಜುಲೈ 1ರಿಂದ ಬಂದ ಹೊಸ ಕಾನೂನು, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮು ಹೇಳುತ್ತದೆ ಎಂದು ಮೆತ್ತಗೆ ನೆನಪಿಸಿ. ಬರೆಯುವಾಗ ಮರಾಠಿಯಲ್ಲಿ "ಗಹಾಳ" ಎಂದು ಬರೆದರೆ ಅದರ ಅರ್ಥ ಕಾಣೆಯಾಗಿದೆ ಎಂದು. "ಚೋರಿ" ಎಂದರೆ ಕಳವು. ಎರಡಕ್ಕೂ ಬಹಳ ವ್ಯತ್ಯಾಸ ಇದೆ. ಖಾತೆಯಿಂದ ಹಣವೂ ಹೋಗಿದ್ದರೆ ಗಹಾಳಕ್ಕೆ ಒಪ್ಪಬೇಡಿ. ಮರಾಠಿ ಓದಲು ಬರದಿದ್ದರೆ ಪಕ್ಕದವರ ಹತ್ತಿರ ಓದಿಸಿಕೊಂಡೇ ಸಹಿ ಹಾಕಿ.

ಸಂಚಾರ್ ಸಾಥಿ ಎಂಬ ಸರ್ಕಾರಿ ವೆಬ್‌ಸೈಟಿನ ಮೂಲಕ ಫೋನನ್ನೇ ಬ್ಲಾಕ್ ಮಾಡುವುದನ್ನೂ ಎಲ್ಲರೂ ಹೇಳುತ್ತಾರೆ. ಒಳ್ಳೆಯದೇ. ಮಹಾರಾಷ್ಟ್ರ, ಗೋವಾಗಳಲ್ಲಿ ಆ ವ್ಯವಸ್ಥೆ 2019ರಲ್ಲೇ ಮೊದಲು ಶುರುವಾಯಿತು. ಆದರೆ ಅದಕ್ಕೆ ಪೊಲೀಸ್ ದೂರಿನ ಪ್ರತಿ ಬೇಕು, ಫೋನಿನ 15 ಅಂಕಿಯ ಐಎಂಇಐ ಬೇಕು, ಕಳೆದ ನಂಬರಿನ ಹೊಸ ಸಿಮ್ ಕೂಡ ಬೇಕು, ಯಾಕೆಂದರೆ ಒಟಿಪಿ ಅದಕ್ಕೆ ಬರುತ್ತದೆ. ಹೊಸ ಸಿಮ್ ತೆಗೆದುಕೊಂಡ ಮೇಲೆ 24 ಗಂಟೆ ಎಸ್ಸೆಮ್ಮೆಸ್ ಬರುವುದೂ ಇಲ್ಲ, ಹೋಗುವುದೂ ಇಲ್ಲ. ಸಿಮ್ ಕದ್ದು ವಂಚನೆ ಮಾಡುವವರನ್ನು ತಡೆಯಲು ಮಾಡಿದ ನಿಯಮ ಅದು. ಅಂದರೆ ಇದು ಮೂರನೇ ದಿನದ ಕೆಲಸ. ಅದರಿಂದ ಫೋನ್ ಯಾರಿಗೂ ಉಪಯೋಗವಿಲ್ಲದಂತೆ ಆಗುತ್ತದೆ, ಖಾತೆ ಉಳಿಯುವುದಕ್ಕೂ ಇದಕ್ಕೂ ಸಂಬಂಧವಿಲ್ಲ.

ಹೋದ ಹಣ ಯಾರ ತಲೆಗೆ? ಇದಕ್ಕೆ ರಿಸರ್ವ್ ಬ್ಯಾಂಕ್ 2017ರ ಜುಲೈ 6ರ ಸುತ್ತೋಲೆಯಲ್ಲಿ ತಂದ ನಿಯಮ ಇದೆ. ತಪ್ಪು ಬ್ಯಾಂಕಿನದೂ ಅಲ್ಲ, ಗ್ರಾಹಕನದೂ ಅಲ್ಲ, ಮೂರನೆಯವನದು ಎಂದಾದರೆ, ಬ್ಯಾಂಕಿನಿಂದ ಸುದ್ದಿ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕನಿಗೆ ನಷ್ಟ ಇಲ್ಲ. ನಾಲ್ಕರಿಂದ ಏಳು ದಿನವಾದರೆ ಸಾಮಾನ್ಯ ಉಳಿತಾಯ ಖಾತೆಗೆ ಹೆಚ್ಚೆಂದರೆ 10,000ದವರೆಗೆ ಹೊರಬೇಕಾಗುತ್ತದೆ. ಗ್ರಾಹಕನ ಅಜಾಗರೂಕತೆ ಎಂದಾದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಅವನದು. ಆದರೆ ತಿಳಿಸಿದ ಮೇಲೆ ಆಗುವ ನಷ್ಟ ಬ್ಯಾಂಕಿನದು. ಯಾರ ತಪ್ಪು ಎಂದು ತೋರಿಸುವ ಹೊಣೆಯೂ ಬ್ಯಾಂಕಿನದೇ.

ಭಾವನ ಕೇಸಿನಲ್ಲಿ ಬ್ಯಾಂಕ್ ಮೊದಲು ಹೇಳಿದ್ದು, "8:04ಕ್ಕೆ ನೀವು ತಿಳಿಸಿದ್ದು ಕಾರ್ಡ್ ಬಗ್ಗೆ ಮಾತ್ರ. 8:11ರದ್ದು ಯುಪಿಐ. ಅದನ್ನು ತಿಳಿಸಿದ್ದು ಆಮೇಲೆ." ನಾನು ಬ್ಯಾಂಕಿನೊಳಗೆ ಇದ್ದವನು, ಈ ಆಟ ಗೊತ್ತು. ಮೊದಲ ಕರೆಯ ರೆಕಾರ್ಡಿಂಗ್ ಕೇಳಿ ಎಂದು ಲಿಖಿತವಾಗಿ ಬರೆದೆವು, ಎರಡೂ ದೂರಿನ ಸಂಖ್ಯೆ, 1930ರ ಸಂಖ್ಯೆ ಹಾಕಿ. ರೆಕಾರ್ಡಿಂಗ್‌ನಲ್ಲಿ "ನನ್ನ ಮೊಬೈಲ್ ಹೋಗಿದೆ" ಎಂಬ ಮಾತು ಮೊದಲ ವಾಕ್ಯದಲ್ಲೇ ಇತ್ತು. ತಿಳಿಸಿದ ಹತ್ತು ಕೆಲಸದ ದಿನಗಳೊಳಗೆ ಮೊತ್ತವನ್ನು ತಾತ್ಕಾಲಿಕವಾಗಿ ಖಾತೆಗೆ ಹಾಕಬೇಕು ಎಂದು ಅದೇ ನಿಯಮ ಹೇಳುತ್ತದೆ. ಒಂಬತ್ತನೇ ದಿನ 5,000 ಬಂತು.

2,340ರ ಟ್ಯಾಪ್ ತಿಳಿಸುವ ಮೊದಲೇ ಆಗಿದ್ದು. ಕಾರ್ಡನ್ನು ಫೋನಿನ ಜೊತೆ ಇಟ್ಟಿದ್ದು ಅಜಾಗರೂಕತೆ ಎಂದು ಬ್ಯಾಂಕಿನ ವಾದ. ಪಿನ್ನನ್ನೋ ಒಟಿಪಿಯನ್ನೋ ಯಾರಿಗೂ ಕೊಟ್ಟಿಲ್ಲ, ಜೇಬು ಕತ್ತರಿಸಿಕೊಂಡಿದ್ದು ಅಜಾಗರೂಕತೆ ಹೇಗಾಗುತ್ತದೆ ಎಂದು ನಮ್ಮ ವಾದ. ದೂರನ್ನು 90 ದಿನಗಳೊಳಗೆ ಮುಗಿಸಬೇಕು ಎಂಬ ನಿಯಮ ಇದೆ. ಬ್ಯಾಂಕ್ 30 ದಿನ ಉತ್ತರ ಕೊಡದಿದ್ದರೆ ಅಥವಾ ಉತ್ತರ ಸರಿ ಅನ್ನಿಸದಿದ್ದರೆ ಗ್ರಾಹಕರ ದೂರು ಕೇಳುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಹತ್ತಿರ, cms.rbi.org.in ನಲ್ಲಿ, ಪುಕ್ಕಟೆಯಾಗಿ ಹೋಗಬಹುದು. ಭಾವ ಹೋಗಿದ್ದಾರೆ.

ಹೊಸ ಸಿಮ್ ಬಂದ ದಿನ ಭಾವ ಅದಕ್ಕೆ ಸಿಮ್ ಪಿನ್ ಹಾಕಿಸಿಕೊಂಡರು. ಫೋನಿನ ಲಾಕ್ ಬೇರೆ, ಇದು ಬೇರೆ. ಇದು ಸಿಮ್ ಮೇಲೇ ಕೂರುವ ಬೀಗ. ಸಿಮ್ ಬೇರೆ ಫೋನಿಗೆ ಹೋದರೂ ಮೊದಲು ಈ ಪಿನ್ ಕೇಳುತ್ತದೆ, ಮೂರು ಸಲ ತಪ್ಪಾದರೆ ಸಿಮ್ ಮುಚ್ಚಿಕೊಳ್ಳುತ್ತದೆ. ಆಮೇಲೆ ಕಂಪನಿಯಿಂದ ಪಿಯುಕೆ ಎಂಬ ಎಂಟಂಕಿಯ ಸಂಖ್ಯೆ ತರಬೇಕು. ಇದು ಕುರ್ಲಾದಲ್ಲಿ ಇದ್ದಿದ್ದರೆ 7:58ರ ಆ ಪಿನ್ ಆಗುತ್ತಲೇ ಇರಲಿಲ್ಲ. ಹಾಕುವಾಗ ಒಂದು ಎಚ್ಚರ: ಫೋನ್ ಮೊದಲು ಹಳೆಯ ಪಿನ್ ಕೇಳುತ್ತದೆ, ಅಂದರೆ ಕಂಪನಿ ಇಟ್ಟು ಕಳಿಸಿದ್ದು. ಅದನ್ನು ಊಹೆ ಮಾಡಿ ಒತ್ತಬೇಡಿ, ಕಂಪನಿಗೆ ಕೇಳಿಕೊಂಡು ಒತ್ತಿ. ನನ್ನ ಮಗಳು ಊಹೆ ಮಾಡಿ ಮೂರು ಸಲ ಒತ್ತಿ, ಒಂದು ಇಡೀ ಭಾನುವಾರ ಪಿಯುಕೆಗಾಗಿ ಕಾದಳು.

ಕಾರ್ಡಿನ ಟ್ಯಾಪ್ ಕೂಡ ಆಫ್ ಮಾಡಿದ್ದಾರೆ. 2020ರ ಅಕ್ಟೋಬರಿನಿಂದ ಎಲ್ಲಾ ಬ್ಯಾಂಕುಗಳೂ ಆ ಸ್ವಿಚ್ಚನ್ನು ಗ್ರಾಹಕರ ಕೈಗೆ ಕೊಡಬೇಕು ಎಂದಿದೆ, ಆಪ್‌ನಲ್ಲಿ ಕಾರ್ಡ್ ಎಂದಿರುವಲ್ಲಿ ಸಿಗುತ್ತದೆ. ಕಾರ್ಡ್ ಈಗ ಮನೆಯ ಕಪಾಟಿನಲ್ಲಿ ಪಾಸ್‌ಬುಕ್ಕಿನ ಜೊತೆ ಇರುತ್ತದೆ. ಫೋನಿನ ಕವರಿನ ಸೀಳಿನಲ್ಲಿ ರೈಲ್ವೆ ಪಾಸು ಮಾತ್ರ. ಅಕ್ಕ ಒಂದು ಚೀಟಿಯಲ್ಲಿ ಬ್ಯಾಂಕಿನ ನಂಬರ್, ಖಾತೆಯ ಗ್ರಾಹಕ ಸಂಖ್ಯೆ, ತನ್ನ ನಂಬರ್, ನನ್ನ ನಂಬರ್ ಬರೆದು ಭಾವನ ಟಿಫಿನ್ ಚೀಲದ ಒಳಜೇಬಿಗೆ ಹಾಕಿದ್ದಾಳೆ. ಚೀಲ ಕದಿಯುವವರು ಇನ್ನೂ ಹುಟ್ಟಿಲ್ಲ ಎಂದು ಅವಳ ಲೆಕ್ಕ.